ಯಾವುದನ್ನು ಸೊನ್ನೆ ಎನ್ನಬಹುದು?

ಎಂ.ಎಸ್ಸಿ. ಗಣಿತದಲ್ಲಿ ರಿಂಗ್‌ಗಳ ಪಾಠ ಶುರುವಾದಾಗ ಮೊದಲು ಎಡವುವುದು ಐಡಿಯಲ್ ಎಂಬ ಪದದಲ್ಲಿ. ವ್ಯಾಖ್ಯೆ ಬಾಯಿಗೆ ಬರುತ್ತದೆ, ಅದು ಯಾಕೆ ಹಾಗಿದೆ ಎಂಬುದು ತಲೆಗೆ ಹತ್ತುವುದಿಲ್ಲ. ಮೇಷ್ಟರಿಲ್ಲದೆ ಒಬ್ಬರೇ ಕೂತು ಓದುವವರಿಗೆ ಇಲ್ಲಿ ನೆರವಾಗುವುದು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಲೆಕ್ಕಗಳ ಹಾಳೆ. ಮುಂದೆ ಲೆಕ್ಕ, ಹಿಂದೆ ಸುಳಿವು. ಅಂಥ ಹಾಳೆಯ ಮೂರು ಮೆಟ್ಟಿಲುಗಳು ಇಲ್ಲಿವೆ.

ಕೂಡಿ, ಕಳೆದು, ಗುಣಿಸಿದರೂ ಒಳಗೇ ಉಳಿಯುವ ಸಂಖ್ಯೆಗಳ ಲೋಕವೇ ರಿಂಗ್. ಭಾಗಾಕಾರದ ಖಾತ್ರಿ ಅಲ್ಲಿಲ್ಲ. ಪೂರ್ಣಾಂಕಗಳು ಎಲ್ಲರಿಗೂ ಗೊತ್ತಿರುವ ಉದಾಹರಣೆ. ಈ ಲೋಕದಲ್ಲಿ ಕೆಲವು ಸಂಖ್ಯೆಗಳನ್ನು ‘ಇನ್ನು ಮೇಲೆ ಇವು ಸೊನ್ನೆ’ ಎಂದು ಸಾರಬೇಕಾದರೆ ಯಾವುದನ್ನು ಆರಿಸಬಹುದು? ಸೊನ್ನೆಗೆ ಸೊನ್ನೆ ಕೂಡಿದರೆ ಸೊನ್ನೆಯೇ ಬರಬೇಕು, ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ಆಗಬೇಕು. ಈ ಎರಡು ಷರತ್ತಿಗೆ ಒಪ್ಪುವ ಗುಂಪೇ ಐಡಿಯಲ್. ಅದನ್ನು ಸೊನ್ನೆ ಮಾಡಿದ ಮೇಲೆ ಉಳಿಯುವ ಲೋಕ ಕೋಶೆಂಟ್ ರಿಂಗ್.

ಮೊದಲ ಲೆಕ್ಕ ಗಡಿಯಾರದ್ದೇ. 12ರ ಗುಣಕಗಳನ್ನೆಲ್ಲ ಸೊನ್ನೆ ಎನ್ನಿ. 0ಯಿಂದ 11ರವರೆಗಿನ ಹನ್ನೆರಡು ಶೇಷಗಳು ಉಳಿಯುತ್ತವೆ. ಅಲ್ಲಿ ಮೂರು ನಾಲ್ಕಲಿ ಹನ್ನೆರಡು, ಅಂದರೆ ಸೊನ್ನೆ. ಆದರೆ 3 ಸೊನ್ನೆಯಲ್ಲ, 4 ಕೂಡ ಅಲ್ಲ! ಇದೇ ಆಟವನ್ನು 7ರಲ್ಲಿ ಆಡಿದರೆ ಇಂಥ ವಿಚಿತ್ರ ಕಾಣಿಸುವುದಿಲ್ಲ. ಹಾಗೆ ‘ಗುಣಲಬ್ಧ ಸೊನ್ನೆಯಾದರೆ ಎರಡರಲ್ಲೊಂದು ಸೊನ್ನೆಯಾಗಲೇಬೇಕು’ ಎಂಬ ನಿಯಮ ಉಳಿಸಿಕೊಳ್ಳುವ ಐಡಿಯಲ್‌ಗೆ ಪ್ರೈಮ್ ಐಡಿಯಲ್ ಎಂದು ಹೆಸರು. (ಇಡೀ ರಿಂಗನ್ನೇ ಸೊನ್ನೆ ಮಾಡಿಬಿಡುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.)

ಎರಡನೇ ಮೆಟ್ಟಿಲು ತುಸು ಕಡಿದು. a, b ಪೂರ್ಣಾಂಕಗಳಾಗಿರುವ a+bi ರೂಪದ ಸಂಖ್ಯೆಗಳ ರಿಂಗ್‌ಗೆ Z[i] ಎನ್ನುತ್ತಾರೆ. ಇಲ್ಲಿ i² = −1. ಪ್ರಶ್ನೆ: 2+i ಮತ್ತು ಅದರ ಗುಣಕಗಳನ್ನೆಲ್ಲ ಸೊನ್ನೆ ಮಾಡಿದರೆ ಏನು ಉಳಿಯುತ್ತದೆ? ಸುಳಿವು ಒಂದೇ ಸಾಲು: ‘i ಈಗ ಯಾವ ಪೂರ್ಣಾಂಕಕ್ಕೆ ಸಮ?’

2+i ಸೊನ್ನೆಯಾದರೆ i = −2. ಎರಡೂ ಕಡೆ ವರ್ಗ ಮಾಡಿದರೆ −1 = 4, ಅಂದರೆ 5 = 0. ಪ್ರತಿ a+bi ಈಗ a−2b ಎಂಬ ಬರೀ ಪೂರ್ಣಾಂಕ. 5 ಸೊನ್ನೆಯಾದ್ದರಿಂದ ಉಳಿದವು 0, 1, 2, 3, 4. ಬಹಳಷ್ಟು ಮಂದಿ ಇಲ್ಲಿಗೇ ಪೆನ್ನು ಮುಚ್ಚುತ್ತಾರೆ. ಆದರೆ ಇಷ್ಟರಿಂದ ತಿಳಿದದ್ದು ಐದಕ್ಕಿಂತ ಹೆಚ್ಚಿಲ್ಲ ಎಂದಷ್ಟೇ. 1 ಕೂಡ ಸೊನ್ನೆಯಾಗಿಬಿಟ್ಟಿದ್ದರೆ ಎಲ್ಲವೂ ಕುಸಿದು ಒಂದೇ ಅಂಶ ಉಳಿದಿರುತ್ತಿತ್ತು. ಅದಕ್ಕೇ ಎರಡನೇ ಸುಳಿವು ಬೇಕು: a²+b² ಎಂಬ ಅಳತೆ ಹಿಡಿಯಿರಿ. 2+iಗೆ ಆ ಅಳತೆ 5, ಅದರ ಯಾವ ಗುಣಕದ ಅಳತೆಯೂ 5ರ ಗುಣಕ. 1ರ ಅಳತೆ 1, ಆದ್ದರಿಂದ ಅದು ಐಡಿಯಲ್‌ನೊಳಗಿಲ್ಲ. 2, 3, 4ರ ಅಳತೆ 4, 9, 16, ಅವೂ ಹೊರಗೆ. ಈಗ ಐದು ಗಟ್ಟಿ. 5 ಅವಿಭಾಜ್ಯವಾದ್ದರಿಂದ ಈ ಐಡಿಯಲ್ ಪ್ರೈಮ್ ಕೂಡ ಹೌದು.

ಮೂರನೇ ಲೆಕ್ಕಕ್ಕೆ ಇತಿಹಾಸವಿದೆ. ಸಂಖ್ಯೆಗಳನ್ನು ಅವಿಭಾಜ್ಯಗಳಾಗಿ ಒಡೆಯುವ ಬಗೆ ಒಂದೇ ಎಂಬ ನಂಬಿಕೆ ಹೊಸ ರಿಂಗ್‌ಗಳಲ್ಲಿ ಕೈಕೊಟ್ಟಾಗ ಜರ್ಮನಿಯ ಕುಮ್ಮರ್ ‘ಆದರ್ಶ ಸಂಖ್ಯೆ’ಗಳನ್ನು ಊಹಿಸಿಕೊಂಡ. 1871ರಲ್ಲಿ ಡೆಡೆಕಿಂಡ್ ಆ ಊಹೆಗೆ ಗುಂಪಿನ ರೂಪ ಕೊಟ್ಟ. ಐಡಿಯಲ್ ಎಂಬ ಹೆಸರು ಬಂದದ್ದು ಅಲ್ಲಿಂದ.

a+b√−5 ರೂಪದ ಸಂಖ್ಯೆಗಳಲ್ಲಿ 6 ಎರಡು ಬಗೆಯಾಗಿ ಒಡೆಯುತ್ತದೆ: 2×3, ಮತ್ತು (1+√−5)(1−√−5). ಈ ನಾಲ್ಕರಲ್ಲಿ ಯಾವುದೂ ಮತ್ತೆ ಒಡೆಯುವುದಿಲ್ಲ. ಎರಡನೇ ಗುಣಲಬ್ಧವನ್ನು 2 ಭಾಗಿಸುತ್ತದೆ, ಅದರ ಎರಡು ಅಪವರ್ತನಗಳಲ್ಲಿ ಒಂದನ್ನೂ ಭಾಗಿಸುವುದಿಲ್ಲ. ಹಾಗಾಗಿ 2ರ ಗುಣಕಗಳ ಐಡಿಯಲ್ ಪ್ರೈಮ್ ಅಲ್ಲ. 2 ಮತ್ತು 1+√−5 ಎರಡನ್ನೂ ಒಟ್ಟಿಗೆ ಸೊನ್ನೆ ಮಾಡುವ ಐಡಿಯಲ್ P ಎಂದಿಟ್ಟುಕೊಳ್ಳಿ. a ಮತ್ತು b ಎರಡೂ ಸಮವೋ ಎರಡೂ ಬೆಸವೋ ಆಗಿರುವ ಸಂಖ್ಯೆಗಳೇ ಅದರಲ್ಲಿರುತ್ತವೆ. ಉಳಿಯುವುದು 0 ಮತ್ತು 1 ಮಾತ್ರ, ಆದ್ದರಿಂದ P ಪ್ರೈಮ್.

ಇನ್ನು Pಯನ್ನು Pಯಿಂದಲೇ ಗುಣಿಸಬೇಕು. ಸಿಗುವುದು 4, 2+2√−5, −4+2√−5 ಮತ್ತು ಇವುಗಳಿಂದ ಹುಟ್ಟುವ ಎಲ್ಲವೂ. ಸುಳಿವು: ‘ಕೊನೆಯ ಎರಡನ್ನು ಕಳೆಯಿರಿ.’ ಕಳೆದರೆ 6. ಅದರಿಂದ 4 ಕಳೆದರೆ 2. ಮೂರೂ 2ರ ಗುಣಕಗಳೇ ಆದ್ದರಿಂದ P×P ಎಂದರೆ 2ರ ಗುಣಕಗಳ ಐಡಿಯಲ್ಲೇ. ಹೀಗೆ ಸಂಖ್ಯೆಯಾಗಿ ಒಡೆಯದ 2 ಐಡಿಯಲ್ ಆಗಿ ಒಡೆಯಿತು.

ಹಾಳೆಯ ಕೊನೆಯ ಲೆಕ್ಕಕ್ಕೆ ಸುಳಿವು ಕೊಡದಿದ್ದರೂ ನಡೆಯುತ್ತದೆ. 3 ಮತ್ತು 1+√−5ರಿಂದ Q, 3 ಮತ್ತು 1−√−5ರಿಂದ R ಎಂಬ ಐಡಿಯಲ್‌ಗಳನ್ನು ಕಟ್ಟಿ, QR ಎಂದರೆ 3, PQ ಎಂದರೆ 1+√−5, PR ಎಂದರೆ 1−√−5 ಎಂದು ತೋರಿಸಬೇಕು. ಆಗ 6ರ ಎರಡೂ ಒಡೆತಗಳಲ್ಲಿ ಇರುವುದು P, P, Q, R ಎಂಬ ಅವೇ ನಾಲ್ಕು. ಒಂದರಲ್ಲಿ P ಜೊತೆ P ಕೂತಿದೆ, ಇನ್ನೊಂದರಲ್ಲಿ P ಜೊತೆ Q.