ಹದಿನಾರು ಪರ್ಸೆಂಟ್ ಏರಿಕೆ ಎಲ್ಲಿಂದ ಬಂತು? ಮಾಸಿಕ ಮಾರಾಟ ವರದಿಯ ಷರಾ: ತಪ್ಪು ಕಲ್ಪನೆ ಮತ್ತು ಸತ್ಯ

ತಿಂಗಳ ಮೊದಲ ವಾರ ಡಿಪೋಗಳಿಂದ ಹೆಡ್ ಆಫೀಸಿಗೆ ಹೋಗುವ ಮಾರಾಟ ವರದಿಯ ಕೊನೆಯಲ್ಲಿ ‘ಷರಾ’ ಎಂಬ ಜಾಗ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಕಾಣುವ ಬರಹ ಇಂಥದ್ದು: “ಕಳೆದ ವರ್ಷದ ಅಕ್ಟೋಬರಿಗಿಂತ ಮಾರಾಟ ಶೇ. 16 ಹೆಚ್ಚಾಗಿದೆ. ಪೌಚ್ ಮಾರಾಟ ಏರಿದೆ, ಡಬ್ಬದ ಮಾರಾಟ ಇಳಿದಿದೆ. ಹಬ್ಬದ ಬೇಡಿಕೆ ಚೆನ್ನಾಗಿತ್ತು.” ಮೊದಲ ಎರಡು ವಾಕ್ಯಗಳು ಮೇಲಿನ ಕೋಷ್ಟಕದಲ್ಲೇ ಇವೆ. ಮೂರನೆಯದು ಕಾರಣದಂತೆ ಕೇಳಿಸುತ್ತದೆ, ಆದರೆ ಯಾರೂ ಅದನ್ನು ಪರೀಕ್ಷಿಸಿಲ್ಲ.

ಇಂಥ ಷರಾ ಹುಟ್ಟುವುದು ಸೋಮಾರಿತನದಿಂದ ಎಂದು ನನಗೆ ಅನ್ನಿಸಿಲ್ಲ. ಬರೆಯುವವರ ತಲೆಯಲ್ಲಿ ಬೇರೂರಿದ ಕೆಲವು ನಂಬಿಕೆಗಳಿಂದ ಹುಟ್ಟುತ್ತದೆ. ಅವನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹುಬ್ಬಳ್ಳಿಯಲ್ಲಿ ಡಿಪೋ ಇರುವ, ಸೂರ್ಯಕಾಂತಿ ಎಣ್ಣೆ ಮಾರುವ ಒಂದು ಕಂಪನಿ. ತಿಂಗಳು 2024ರ ಅಕ್ಟೋಬರ್. ಕಂಪನಿಯೂ ಅದರ ಮಾರಾಟದ ಅಂಕಿಗಳೂ ಲೆಕ್ಕ ತಿಳಿಯಲೆಂದು ನಾನು ಕಟ್ಟಿಕೊಂಡವು. ಆಮದು ಸುಂಕ ಮತ್ತು ಹಬ್ಬದ ತಾರೀಕುಗಳು ಮಾತ್ರ ನಿಜವಾದವು.

ತಪ್ಪು ಕಲ್ಪನೆ: ರೂಪಾಯಿ ಹೆಚ್ಚಾಯಿತು ಎಂದರೆ ಮಾರಾಟ ಹೆಚ್ಚಾಯಿತು, ಟಾರ್ಗೆಟ್ ಮುಟ್ಟಿದ ತಿಂಗಳಿಗೆ ವಿವರಣೆ ಬೇಡ.

ಸತ್ಯ: ರೂಪಾಯಿ ಎರಡು ದಾರಿಯಲ್ಲಿ ಏರುತ್ತದೆ, ಸರಕು ಹೆಚ್ಚು ಹೋದರೆ ಅಥವಾ ದರ ಏರಿದರೆ. ಈ ಎರಡನ್ನೂ ಬೇರ್ಪಡಿಸದೆ ಷರಾ ಬರೆಯಲು ಕೂರಲೇಬಾರದು.

ನಮ್ಮ ಡಿಪೋ 2023ರ ಅಕ್ಟೋಬರಿನಲ್ಲಿ ಒಂದು ಲೀಟರಿನ ಪೌಚ್‌ಗಳಲ್ಲಿ 60,000 ಲೀಟರ್ ಎಣ್ಣೆಯನ್ನು ಲೀಟರಿಗೆ 110 ರೂಪಾಯಿಯಂತೆಯೂ, ಹೋಟೆಲ್ ಖಾನಾವಳಿಗಳಿಗೆ ಹೋಗುವ ದೊಡ್ಡ ಡಬ್ಬಗಳಲ್ಲಿ 40,000 ಲೀಟರನ್ನು 100 ರೂಪಾಯಿಯಂತೆಯೂ ಮಾರಿತ್ತು. ಒಟ್ಟು 106 ಲಕ್ಷ ರೂಪಾಯಿ. 2024ರ ಅಕ್ಟೋಬರಿನಲ್ಲಿ ಪೌಚ್ 66,000 ಲೀಟರ್, ದರ 132; ಡಬ್ಬ 30,000 ಲೀಟರ್, ದರ 120. ಒಟ್ಟು 123.12 ಲಕ್ಷ. ಏರಿಕೆ 17.12 ಲಕ್ಷ, ಅಂದರೆ ಶೇ. 16.

ಈಗ ಈ 17.12 ಲಕ್ಷವನ್ನು ಬಿಡಿಸಬೇಕು. ಮೊದಲು ದರ ಬದಲಾಗಿಲ್ಲ ಎಂದುಕೊಂಡು ಲೀಟರಿನ ವ್ಯತ್ಯಾಸವನ್ನಷ್ಟೇ ಹಳೆಯ ದರದಲ್ಲಿ ಲೆಕ್ಕ ಹಾಕಿ. ಪೌಚ್ 6,000 ಲೀಟರ್ ಹೆಚ್ಚು ಹೋಗಿದ್ದಕ್ಕೆ 6.60 ಲಕ್ಷ ಕೂಡಿತು. ಡಬ್ಬ 10,000 ಲೀಟರ್ ಕಡಿಮೆಯಾಗಿದ್ದಕ್ಕೆ 10 ಲಕ್ಷ ಕಳೆಯಿತು. ಸರಕಿನ ಲೆಕ್ಕದಲ್ಲಿ ನಿವ್ವಳ 3.40 ಲಕ್ಷ ನಷ್ಟ. ಆಮೇಲೆ ಈ ವರ್ಷದ ಲೀಟರಿಗೆ ದರದ ವ್ಯತ್ಯಾಸ ಹಾಕಿ: ಪೌಚ್‌ನಲ್ಲಿ ಲೀಟರಿಗೆ 22 ರೂಪಾಯಿಯಂತೆ 14.52 ಲಕ್ಷ, ಡಬ್ಬದಲ್ಲಿ 20 ರೂಪಾಯಿಯಂತೆ 6 ಲಕ್ಷ, ಕೂಡಿ 20.52 ಲಕ್ಷ. ಅದರಲ್ಲಿ 3.40 ಕಳೆದರೆ ಸರಿಯಾಗಿ 17.12 ಲಕ್ಷ ಬರುತ್ತದೆ. ಈ ತಾಳೆ ಬರಲೇಬೇಕು. ಬಾರದಿದ್ದರೆ ಸ್ಕೀಮಿನ ರಿಯಾಯಿತಿಯೋ, ವಾಪಸು ಬಂದ ಸರಕೋ ಲೆಕ್ಕದಿಂದ ಬಿಟ್ಟುಹೋಗಿದೆ ಎಂದರ್ಥ.

ಅಲ್ಲಿಗೆ ಏರಿಕೆಯೆಲ್ಲ ದರದ್ದೇ ಎಂದಾಯಿತು. ಡಿಪೋದಿಂದ ಹೊರಟ ಎಣ್ಣೆ 4,000 ಲೀಟರ್ ಕಡಿಮೆ. ದರ ಏಕೆ ಏರಿತು ಎಂಬುದಕ್ಕೆ ಗೊತ್ತಿರುವ ಉತ್ತರವಿದೆ. 2024ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಕಚ್ಚಾ ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ, ಶುದ್ಧೀಕರಿಸಿದ ಎಣ್ಣೆಯದನ್ನು ಶೇ. 12.5ರಿಂದ ಶೇ. 32.5ಕ್ಕೆ ಏರಿಸಿತು. ಸೂರ್ಯಕಾಂತಿ ಎಣ್ಣೆಯ ಬಹುಪಾಲನ್ನು ನಾವು ಹೊರದೇಶಗಳಿಂದ ತರಿಸುವುದರಿಂದ ಈ ಏರಿಕೆ ಪೌಚಿನ ದರಕ್ಕೆ ಬಂದು ತಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ.

ಟಾರ್ಗೆಟ್ ರೂಪಾಯಿಯಲ್ಲಿ ಇರುವ ಕಡೆ ಇಂಥ ತಿಂಗಳು ಎಲ್ಲರಿಗೂ ಖುಷಿ ಕೊಡುತ್ತದೆ. ನನ್ನ ಅಭಿಪ್ರಾಯದಲ್ಲಿ ಅತಿ ಎಚ್ಚರದಿಂದ ಷರಾ ಬರೆಯಬೇಕಾದ ತಿಂಗಳು ಇದೇ. ಕೆಟ್ಟ ತಿಂಗಳಿನ ಅಂಕಿಯನ್ನು ಹೇಗಿದ್ದರೂ ಯಾರಾದರೂ ಕೆದಕಿ ಕೇಳುತ್ತಾರೆ. ಒಳ್ಳೆಯ ತಿಂಗಳಿನದನ್ನು ಕೇಳುವವರಿರುವುದಿಲ್ಲ.

ತಪ್ಪು ಕಲ್ಪನೆ: ಹಬ್ಬ, ಮಳೆ, ‘ಮಾರ್ಕೆಟ್ ಡಲ್’ ಎಂದು ಬರೆದರೆ ಕಾರಣ ಕೊಟ್ಟಂತಾಯಿತು.

ಸತ್ಯ: ಹಬ್ಬ ಪ್ರತಿ ವರ್ಷವೂ ಬರುತ್ತದೆ. ಎರಡೂ ವರ್ಷ ಇದ್ದದ್ದು ವ್ಯತ್ಯಾಸಕ್ಕೆ ಕಾರಣವಾಗಲಾರದು, ಬದಲಾದದ್ದು ಮಾತ್ರ ಕಾರಣವಾಗಬಲ್ಲದು. ಇಲ್ಲಿ ಬದಲಾಗಿದ್ದು ತಾರೀಕು. 2023ರಲ್ಲಿ ವಿಜಯದಶಮಿ ಅಕ್ಟೋಬರ್ 24ಕ್ಕಿತ್ತು, ದೀಪಾವಳಿ ನವೆಂಬರ್ 12ರಿಂದ 14ರವರೆಗೆ. 2024ರಲ್ಲಿ ವಿಜಯದಶಮಿ ಅಕ್ಟೋಬರ್ 12ಕ್ಕೇ ಬಂತು, ನರಕ ಚತುರ್ದಶಿ ಅಕ್ಟೋಬರ್ 31ಕ್ಕೆ, ಬಲಿಪಾಡ್ಯಮಿ ನವೆಂಬರ್ 2ಕ್ಕೆ. ಹೋಳಿಗೆ, ಕರ್ಚಿಕಾಯಿ, ಚಕ್ಕುಲಿಗೆ ಬೇಕಾದ ಎಣ್ಣೆಯನ್ನು ಜನ ಹಬ್ಬಕ್ಕೆ ಮುಂಚೆಯೇ ಕೊಳ್ಳುತ್ತಾರೆ. ಹಾಗಾಗಿ 2024ರ ಅಕ್ಟೋಬರಿನ ಹೊಟ್ಟೆಯಲ್ಲಿ ಎರಡು ಹಬ್ಬದ ಖರೀದಿ ಇದೆ, ಹಿಂದಿನ ಅಕ್ಟೋಬರಿನಲ್ಲಿ ಇದ್ದದ್ದು ಒಂದೂವರೆ ಎನ್ನಬಹುದು. ಇಂಥ ವರ್ಷ ಅಕ್ಟೋಬರ್, ನವೆಂಬರ್ ಎರಡನ್ನೂ ಕೂಡಿಸಿ ಹೋಲಿಸಿದರೆ ಮಾತ್ರ ನ್ಯಾಯವಾದ ಹೋಲಿಕೆ. ಅಕ್ಟೋಬರಿನ ವರದಿ ಬರೆಯುವಾಗ ನವೆಂಬರಿನ ಅಂಕಿ ಕೈಯಲ್ಲಿ ಇರುವುದಿಲ್ಲ. ಆಗ “ದೀಪಾವಳಿ ಖರೀದಿ ಈ ವರ್ಷ ಅಕ್ಟೋಬರಿಗೆ ಬಂದಿದೆ, ನವೆಂಬರಿನಲ್ಲಿ ಅಷ್ಟು ಕಡಿಮೆ ಕಾಣಲಿದೆ” ಎಂದು ಈಗಲೇ ಬರೆದಿಡಬೇಕು. ಮುಂದಿನ ತಿಂಗಳು ಇಳಿಕೆ ಕಂಡಾಗ ಅದು ನೆಪದಂತೆ ಕೇಳಿಸುವುದಿಲ್ಲ.

ಡಬ್ಬದ ಇಳಿಕೆಗೂ ಇದೇ ಪರೀಕ್ಷೆ. “ಹೋಟೆಲ್ ವ್ಯಾಪಾರ ಡಲ್” ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಸೆಪ್ಟೆಂಬರಿನ ಬಿಲ್ಲುಗಳನ್ನು ತೆಗೆದರೆ ಬೇರೆಯೇ ವಿಷಯ ಸಿಗುತ್ತದೆ. ತಿಂಗಳಿಗೆ ಸುಮಾರು 40,000 ಲೀಟರ್ ಹೋಗುವ ಡಬ್ಬ ಆ ತಿಂಗಳು 48,000 ಲೀಟರ್ ಹೋಗಿದೆ, ಹೆಚ್ಚಿನ ಬಿಲ್ಲುಗಳೆಲ್ಲ 14ನೇ ತಾರೀಕಿನ ನಂತರದವು. ಸುಂಕದ ಸುದ್ದಿ ಕೇಳಿದ ಹೋಲ್‌ಸೇಲ್ ವ್ಯಾಪಾರಿಗಳು ಹೊಸ ದರಪಟ್ಟಿ ಬರುವ ಮೊದಲೇ ಎತ್ತುವಳಿ ಮಾಡಿದ್ದಾರೆ. ಅಕ್ಟೋಬರಿನಲ್ಲಿ ಕಡಿಮೆಯಾದ 10,000 ಲೀಟರಿನಲ್ಲಿ 8,000 ಹೀಗೆ ಮುಂಚೆ ಹೋದದ್ದು, ಮತ್ತೆ ಬರುವಂಥದ್ದು. ಉಳಿದ 2,000 ಲೀಟರ್ ಧಾರವಾಡದ ಒಂದು ಹಾಸ್ಟೆಲಿನ ಗುತ್ತಿಗೆ ಕೈತಪ್ಪಿದ್ದರಿಂದ ಹೋದದ್ದು. ಅದು ತಾನಾಗಿ ಬರುವುದಿಲ್ಲ. ಕೋಷ್ಟಕದಲ್ಲಿ ಈ ಎರಡೂ ಒಂದೇ ಸಾಲಿನಲ್ಲಿ ಬೆರೆತು ಕೂತಿವೆ. ಅವನ್ನು ಬೇರ್ಪಡಿಸಿ ಹೇಳುವುದಕ್ಕೇ ಷರಾ ಇರುವುದು, ಏಕೆಂದರೆ ಒಂದಕ್ಕೆ ಏನೂ ಮಾಡಬೇಕಿಲ್ಲ, ಇನ್ನೊಂದಕ್ಕೆ ಯಾರಾದರೂ ಧಾರವಾಡಕ್ಕೆ ಹೋಗಿ ಬರಬೇಕು.

ತಪ್ಪು ಕಲ್ಪನೆ: ಡಿಪೋದಿಂದ ಬಿಲ್ ಆದದ್ದೆಲ್ಲ ಮಾರಾಟವಾದಂತೆ.

ಸತ್ಯ: ಡಿಪೋದಿಂದ ಡಿಸ್ಟ್ರಿಬ್ಯೂಟರಿಗೆ ಹೋದದ್ದು ಪ್ರೈಮರಿ. ಡಿಸ್ಟ್ರಿಬ್ಯೂಟರಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ವರದಿಯಲ್ಲಿ ಇರುವುದು ಮೊದಲನೆಯದು, ಊರಿನ ಬೇಡಿಕೆಗೆ ಹತ್ತಿರ ಇರುವುದು ಎರಡನೆಯದು. ಇವೆರಡರ ನಡುವೆ ಒಂದು ಗೋಡೌನ್ ಇದೆ. ಅದರೊಳಗೆ ಎಷ್ಟಿದೆ ಎಂದು ತಿಳಿಯಲು ಒಂದು ಫೋನ್ ಸಾಕು.

“ಸಾವ್ಕಾರ್ರ, ಮೂವತ್ತೊಂದಕ್ಕ ಗೋಡೌನ್‌ದಾಗ ಪೌಚ್ ಎಷ್ಟ್ ಉಳಿದಾವ್ರಿ?”

“ಎರಡು ಸಾವಿರ ಪೆಟ್ಟಿಗಿ ಅದಾವ್ ನೋಡ್ರಿ. ರೇಟ್ ಇನ್ನೂ ಏರ್ತದ ಅಂತ ನಿಮ್ಮ ಹುಡುಗನ ಹೇಳಿದ್ದ, ಅದಕ್ಕ ತುಂಬಿಸಿಟ್ಟೀನ್ರಿ.”

ಪೆಟ್ಟಿಗೆಗೆ ಹತ್ತು ಲೀಟರಿನಂತೆ ಅದು 20,000 ಲೀಟರ್. ತಿಂಗಳ ಮೊದಲು ಅವರಲ್ಲಿ ಇದ್ದದ್ದು 12,000, ನಮ್ಮಿಂದ ಬಂದದ್ದು 66,000, ಉಳಿದದ್ದು 20,000. ಹಾಗಾದರೆ ಅಂಗಡಿಗಳಿಗೆ ಹೋದದ್ದು 58,000 ಲೀಟರ್. ಹಿಂದಿನ ವರ್ಷ ಆರಂಭದಲ್ಲಿ 11,000, ಬಂದದ್ದು 60,000, ಕೊನೆಗೆ ಉಳಿದದ್ದು 14,000, ಅಂಗಡಿಗೆ ಹೋದದ್ದು 57,000. ವರದಿಯ ಕೋಷ್ಟಕದಲ್ಲಿ 6,000 ಲೀಟರ್ ಏರಿದ ಪೌಚ್ ಅಂಗಡಿಗೆ ಹೋಗುವಷ್ಟರಲ್ಲಿ 1,000 ಲೀಟರ್ ಮಾತ್ರ ಏರಿದೆ, ಅದೂ ದೀಪಾವಳಿಯ ಖರೀದಿ ಸೇರಿಕೊಂಡ ತಿಂಗಳಲ್ಲಿ.

ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. 2023ರ ಅಕ್ಟೋಬರ್ ಕೊನೆಗೆ ಉಳಿದ 14,000 ಲೀಟರಿಗೆ ಚಿಂತೆ ಇರಲಿಲ್ಲ, ದೀಪಾವಳಿ ಇನ್ನೂ ಮುಂದಿತ್ತು. 2024ರ ಅಕ್ಟೋಬರ್ 31ರಂದು ಉಳಿದ 20,000 ಲೀಟರ್ ಹಬ್ಬದ ಖರೀದಿ ಮುಗಿದ ಮೇಲೆ ಉಳಿದದ್ದು. ಮಾಮೂಲಿ ದಾಸ್ತಾನು 12,000 ಎಂದು ಹಿಡಿದರೆ 8,000 ಲೀಟರ್ ನವೆಂಬರಿನ ಆರ್ಡರನ್ನು ನುಂಗುತ್ತದೆ. ಇದು ಗೊತ್ತಿಲ್ಲದೆ ಹೆಡ್ ಆಫೀಸ್ ಶೇ. 16ರ ಏರಿಕೆ ನೋಡಿ ನವೆಂಬರಿನ ಟಾರ್ಗೆಟ್ ಏರಿಸಿದರೆ, ಡಿಸ್ಟ್ರಿಬ್ಯೂಟರಿಗೆ ಮತ್ತಷ್ಟು ಸರಕು ತುಂಬಿಸುವ ಒತ್ತಡ ಬೀಳುತ್ತದೆ. ಹಣ ಗೋಡೌನಿನಲ್ಲಿ ಸಿಕ್ಕಿಕೊಳ್ಳುತ್ತದೆ, ನಮಗೆ ಬರಬೇಕಾದ ವಸೂಲಿ ತಡವಾಗುತ್ತದೆ.

ತಪ್ಪು ಕಲ್ಪನೆ: ಕಾರಣ ಗೊತ್ತಿಲ್ಲ ಎಂದು ಬರೆದರೆ ಮರ್ಯಾದೆ ಹೋಗುತ್ತದೆ.

ಸತ್ಯ: ಊಹೆಯನ್ನು ಖಚಿತವೆಂದು ಬರೆಯುವುದೇ ಹೆಚ್ಚು ಅಪಾಯ. ದರ ಏರಿದ್ದಕ್ಕೆ ಮನೆಯವರು ಎಣ್ಣೆ ಕಡಿಮೆ ಕೊಂಡರೇ, ಅಗ್ಗದ ಬೇರೆ ಎಣ್ಣೆಗೆ ಹೋದರೇ ಎಂಬುದನ್ನು ಅಕ್ಟೋಬರಿನ ಅಂಕಿಯೊಂದೇ ಹೇಳಲಾರದು, ಹಬ್ಬ ಮತ್ತು ದರ ಎರಡೂ ಅದರಲ್ಲಿ ಕಲಸಿಹೋಗಿವೆ. ಡಿಸೆಂಬರಿನ ಸೆಕೆಂಡರಿ ಬಂದ ಮೇಲೆ ಹೇಳಬಹುದು ಎಂದು ಬರೆಯಿರಿ. ಹಾಗೆಯೇ ಪ್ರತಿ ಸಾಲಿಗೂ ಷರಾ ಬೇಕಿಲ್ಲ. ಒಟ್ಟು ವ್ಯತ್ಯಾಸದ ಬಹುಪಾಲನ್ನು ಹೊತ್ತಿರುವ ಎರಡು ಮೂರು ಸಾಲು ಸಾಕು.

ಇಷ್ಟೆಲ್ಲ ನೋಡಿದ ಮೇಲೆ ಆ ಷರಾ ಹೀಗೆ ಬರುತ್ತದೆ:

“ಮಾರಾಟ 17.12 ಲಕ್ಷ ಹೆಚ್ಚು. ಸುಂಕ ಏರಿಕೆಯ ನಂತರದ ದರದಿಂದ 20.52 ಲಕ್ಷ ಬಂದಿದೆ, ಸರಕಿನಲ್ಲಿ 3.40 ಲಕ್ಷ ಕಡಿಮೆಯಾಗಿದೆ. ಪೌಚ್ ಬಿಲ್ಲಿಂಗ್ 6,000 ಲೀಟರ್ ಹೆಚ್ಚು. ಅಂಗಡಿಗೆ ಹೋದದ್ದು 1,000 ಮಾತ್ರ ಹೆಚ್ಚು, ಡಿಸ್ಟ್ರಿಬ್ಯೂಟರಲ್ಲಿ ಸುಮಾರು 8,000 ಲೀಟರ್ ಹೆಚ್ಚುವರಿ ದಾಸ್ತಾನು ಇದೆ. ಡಬ್ಬದ 10,000 ಲೀಟರ್ ಇಳಿಕೆಯಲ್ಲಿ 8,000 ಸೆಪ್ಟೆಂಬರಿನಲ್ಲೇ ಎತ್ತಿದ್ದು, 2,000 ಹಾಸ್ಟೆಲ್ ಗುತ್ತಿಗೆ ಕಳೆದುಕೊಂಡದ್ದು. ನವೆಂಬರ್ ಪೌಚ್ ಆರ್ಡರ್ ಕಡಿಮೆ ಬರಲಿದೆ. ಟಾರ್ಗೆಟ್ ಏರಿಸುವುದು ಬೇಡ.”

2025ರಲ್ಲಿ ದೀಪಾವಳಿ ಅಕ್ಟೋಬರ್ 20ರಿಂದ 22ಕ್ಕಿತ್ತು, 2026ರಲ್ಲಿ ನವೆಂಬರ್ 8ರಿಂದ 10ಕ್ಕೆ ಬರುತ್ತದೆ. ಹಬ್ಬದ ಸರಕು ಮಾರುವವರ 2026ರ ಅಕ್ಟೋಬರ್ ವರದಿಯಲ್ಲಿ ಇಳಿಕೆ, ನವೆಂಬರಿನಲ್ಲಿ ಏರಿಕೆ ಕಾಣುವ ಸಾಧ್ಯತೆ ಹೆಚ್ಚು. ಎರಡೂ ತಿಂಗಳು ಕೂಡಿಸಿದ ಒಂದು ಕಾಲಂ ಮತ್ತು ಡಿಸ್ಟ್ರಿಬ್ಯೂಟರ ಕ್ಲೋಸಿಂಗ್ ಸ್ಟಾಕಿನ ಒಂದು ಕಾಲಂ, ಇವೆರಡನ್ನೂ ನಿಮ್ಮ ಹಾಳೆಯಲ್ಲಿ ಈಗಲೇ ಸೇರಿಸಿಡಿ.