ಎರಡು ಮೆಟ್ಟಿಲ ನಡುವಿನ ಗೆರೆ

ಕತ್ತಲ ಕೋಣೆಯಲ್ಲಿ ನೇರಳಾತೀತ ದೀಪದ ಮೇಲೆ ಜೆಲ್ ಇಟ್ಟರೆ ಕಿತ್ತಳೆ ಬಣ್ಣದ ಪುಟ್ಟ ಗೆರೆಗಳು ಹೊಳೆಯುತ್ತವೆ. ಒಂದು ಅಂಚಿನಲ್ಲಿ ಲ್ಯಾಡರ್, ಅಂದರೆ ಉದ್ದ ಮೊದಲೇ ಗೊತ್ತಿರುವ ಡಿಎನ್‌ಎ ತುಣುಕುಗಳ ಏಣಿ. ಪಕ್ಕದ ಸಾಲಿನಲ್ಲಿ ನಮ್ಮ ಮಾದರಿಯ ಒಂದೇ ಗೆರೆ. ಅದು ಏಣಿಯ 1000 ಬೇಸ್ ಜೋಡಿಯ ಮೆಟ್ಟಿಲಿಗೂ 500ರ ಮೆಟ್ಟಿಲಿಗೂ ಸರಿಯಾಗಿ ನಡುವೆ ನಿಂತಿದೆ ಎನ್ನಿ. ಉದ್ದ 750 ಎಂದು ಬರೆದುಕೊಳ್ಳಲು ಕೈ ಹೋಗುತ್ತದೆ. ಆದರೆ ಅದು ಸುಮಾರು 700.

ಕಾರಣ ಜೆಲ್‌ನ ಒಳಗಿದೆ. ಅಗರೋಸ್ ಕಡಲಪಾಚಿಯಿಂದ ತೆಗೆದ ಪುಡಿ. ಬಫರ್ ದ್ರಾವಣದಲ್ಲಿ ಕುದಿಸಿ ಆರಿಸಿದರೆ ಅದರ ಎಳೆಗಳು ಹೆಣೆದುಕೊಂಡು ಬಲೆಯಾಗುತ್ತವೆ. ಋಣ ವಿದ್ಯುದಾವೇಶವಿರುವ ಡಿಎನ್‌ಎ ಈ ಬಲೆಯ ಮೂಲಕ ಧನ ಧ್ರುವದ ಕಡೆಗೆ ಸರಿಯುತ್ತದೆ. ಪೊದೆಯೊಳಗೆ ಎಳೆದ ಹಗ್ಗದಂತೆ, ಉದ್ದವಿದ್ದಷ್ಟೂ ಸಿಕ್ಕಿಕೊಳ್ಳುವುದು ಹೆಚ್ಚು. ಹಾಗಾಗಿ ಗಿಡ್ಡ ತುಣುಕು ಮುಂದೆ, ಉದ್ದದ್ದು ಹಿಂದೆ. ಉದ್ದ ಅರ್ಧಕ್ಕಿಳಿದಾಗಲೆಲ್ಲ ತುಣುಕು ಹೆಚ್ಚುಕಡಿಮೆ ಅಷ್ಟೇ ದೂರ ಮುಂದಕ್ಕೆ ಹೋಗುತ್ತದೆ.

ಸ್ಕೇಲು ಇಟ್ಟು ಅಳೆಯೋಣ. ಬಾವಿಯಿಂದ, ಅಂದರೆ ಮಾದರಿ ತುಂಬಿದ ಕುಳಿಯಿಂದ, 2000ದ ಮೆಟ್ಟಿಲು 18 ಮಿ.ಮೀ., 1000ದ್ದು 30, 500ರದ್ದು 42. ಪ್ರತಿ 12 ಮಿ.ಮೀ.ಗೆ ಉದ್ದ ಅರ್ಧವಾಗುತ್ತಿದೆ. ನಮ್ಮ ಗೆರೆ 36ರಲ್ಲಿದೆ, ಅಂದರೆ ಅರ್ಧ ಹೆಜ್ಜೆ. ಎರಡು ಅರ್ಧ ಹೆಜ್ಜೆ ಸೇರಿ ಎರಡರಿಂದ ಭಾಗಿಸಿದಂತೆ ಆಗಬೇಕಾದರೆ ಒಂದೊಂದೂ 1.414ರಿಂದ ಭಾಗಿಸಬೇಕು. 1000ವನ್ನು ಭಾಗಿಸಿದರೆ 707. ಕಣ್ಣಳತೆಯಿಂದ ಇದಕ್ಕಿಂತ ನಿಖರತೆ ಬಯಸಬಾರದು.

ಈ ಲೆಕ್ಕ ಮೆಟ್ಟಿಲುಗಳು ಬಿಡಿಬಿಡಿಯಾಗಿ ಕಾಣುವ ಭಾಗದಲ್ಲಿ ಮಾತ್ರ ನಂಬಿಕೆಗೆ ಅರ್ಹ. ಮೇಲ್ತುದಿಯಲ್ಲಿ ಉದ್ದ ತುಣುಕುಗಳು ಒತ್ತೊತ್ತಾಗಿ ನಿಲ್ಲುತ್ತವೆ. ಅಲ್ಲಿ ಒಂದು ಮಿ.ಮೀ. ತಪ್ಪಿದರೆ ಸಾವಿರಗಟ್ಟಲೆ ಬೇಸ್ ಜೋಡಿ ತಪ್ಪುತ್ತದೆ. ನಮ್ಮ ತುಣುಕು ಬಿಡಿಯಾದ ಭಾಗಕ್ಕೆ ಬೀಳುವಂತೆ ಜೆಲ್‌ನ ಸಾಂದ್ರತೆ ಆರಿಸಬೇಕು. 100 ಮಿ.ಲೀ. ಬಫರ್‌ಗೆ 1 ಗ್ರಾಂ ಅಗರೋಸ್ ಹಾಕಿದರೆ ಶೇ. 1ರ ಜೆಲ್, ಸಾಮಾನ್ಯ ಕೆಲಸಕ್ಕೆ ಅದು ಸಾಕು. ಆದರೆ 250 ಮತ್ತು 300ರ ಎರಡು ತುಣುಕುಗಳು ಅದರಲ್ಲಿ ಒಂದೇ ದಪ್ಪ ಗೆರೆಯಂತೆ ಕಾಣಬಹುದು, ಶೇ. 2ರಲ್ಲಿ ಬಲೆ ಬಿಗಿಯಾಗಿ ಅವು ಬೇರೆಬೇರೆಯಾಗುತ್ತವೆ. ಹತ್ತು ಸಾವಿರದ ಆಸುಪಾಸಿನವಕ್ಕೆ ಶೇ. 0.7ರ ಸಡಿಲ ಜೆಲ್ ಬೇಕು. ಕುದಿಸುವಾಗ ನೀರು ಆವಿಯಾಗಿ ಜೆಲ್ ನೀವು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗುತ್ತದೆ. ಫ್ಲಾಸ್ಕನ್ನು ಮೊದಲೇ ತೂಗಿಟ್ಟುಕೊಂಡು, ಕಡಿಮೆಯಾದಷ್ಟು ನೀರು ಸೇರಿಸಿ.

ಏಣಿಯ ತುಣುಕುಗಳು ನೇರ ಎಳೆಗಳು ಎಂಬುದೂ ನೆನಪಿರಲಿ. ಉಂಗುರದಂತಿರುವ ಪ್ಲಾಸ್ಮಿಡ್ ಡಿಎನ್‌ಎ ತಿರುಚಿ ಮುದುಡಿಕೊಂಡಿದ್ದರೆ ಬಲೆಯಲ್ಲಿ ಸಲೀಸಾಗಿ ನುಸುಳಿ, ಇರುವುದಕ್ಕಿಂತ ಚಿಕ್ಕದಾಗಿ ತೋರುತ್ತದೆ. 2686 ಬೇಸ್ ಜೋಡಿಯ pUC19 ತನ್ನ ನಿಜವಾದ ಜಾಗದಲ್ಲಿ ನಿಲ್ಲುವುದು, ಒಂದು ಕಡೆ ಕತ್ತರಿಸಿ ನೇರ ಎಳೆಯಾಗಿಸಿದ ಮೇಲೆಯೇ. ಕತ್ತರಿಸದ ಪ್ಲಾಸ್ಮಿಡ್‌ನ ಉದ್ದವನ್ನು ಈ ಏಣಿ ನೋಡಿ ಬರೆದುಕೊಳ್ಳಬೇಡಿ.