ಎಲೆಯೊಳಗಿನ ಸಕ್ಕರೆ ಕಾರ್ಖಾನೆ: ಹಬೆ ಹೋಗುವ ಪೈಪು, ನೀರು ಮರಳುವ ಪೈಪು

‘ಕತ್ತಲೆ ಕ್ರಿಯೆ ಯಾವಾಗ ನಡೆಯುತ್ತದೆ?’ ಎಂದು ಹೈಸ್ಕೂಲು ಮಕ್ಕಳನ್ನು ಕೇಳಿ ನೋಡಿ. ‘ರಾತ್ರಿ’ ಎಂಬ ಉತ್ತರ ತಟ್ಟನೆ ಬರುತ್ತದೆ. ಹಗಲು ಬೆಳಕಿನ ಕ್ರಿಯೆ, ರಾತ್ರಿ ಕತ್ತಲೆ ಕ್ರಿಯೆ ಎಂದು ಪಾಳಿ ಹಂಚಿಕೊಟ್ಟಂತೆ ಅವರ ತಲೆಯಲ್ಲಿ ಅಚ್ಚೊತ್ತಿರುತ್ತದೆ. ಆದರೆ ಎಲೆಯಲ್ಲಿ ಈ ಎರಡೂ ಕ್ರಿಯೆಗಳು ಹಗಲಿನಲ್ಲೇ, ಒಂದೇ ಹೊತ್ತಿನಲ್ಲಿ, ಒಂದರ ಪಕ್ಕ ಒಂದು ನಡೆಯುತ್ತವೆ. ಒಂದು ನಿಂತರೆ ಇನ್ನೊಂದೂ ನಿಲ್ಲುತ್ತದೆ. ಯಾಕೆ ಹಾಗೆ ಎಂಬುದು ತಿಳಿದರೆ ದ್ಯುತಿಸಂಶ್ಲೇಷಣೆಯ ಪಾಠದ ಮುಖ್ಯ ಭಾಗ ತಿಳಿದಂತೆ. ಅದನ್ನು ತಿಳಿಯಲು ಮಂಡ್ಯ ಸೀಮೆಯ ಯಾವುದಾದರೂ ಸಕ್ಕರೆ ಕಾರ್ಖಾನೆಯನ್ನು ನೆನಪಿಸಿಕೊಳ್ಳೋಣ.

ಸಕ್ಕರೆ ಕಾರ್ಖಾನೆಯಲ್ಲಿ ನಮಗೆ ಬೇಕಾದ ವಿಭಾಗಗಳು ಎರಡು. ಒಂದು ಬಾಯ್ಲರ್ ಮನೆ. ಅಲ್ಲಿ ರಸ ಹಿಂಡಿದ ಕಬ್ಬಿನ ಸಿಪ್ಪೆ ಉರಿಸಿ, ನೀರನ್ನು ಹಬೆ ಮಾಡುತ್ತಾರೆ. ಇನ್ನೊಂದು ಪಾಕದ ಮನೆ. ಅಲ್ಲಿ ಆ ಹಬೆಯ ಶಾಖದಿಂದ ರಸ ಕಾಯಿಸಿ, ಗಟ್ಟಿಮಾಡಿ, ಸಕ್ಕರೆ ಹರಳು ತೆಗೆಯುತ್ತಾರೆ. ಪಾಕದ ಮನೆಯಲ್ಲಿ ಬೆಂಕಿ ಕಾಣುವುದಿಲ್ಲ. ಬಾಯ್ಲರ್ ಮನೆಯಲ್ಲಿ ಸಕ್ಕರೆ ಕಾಣುವುದಿಲ್ಲ. ಎರಡನ್ನೂ ಜೋಡಿಸುವುದು ಪೈಪುಗಳು. ಒಂದು ಪೈಪಿನಲ್ಲಿ ಹಬೆ ಹೋಗುತ್ತದೆ. ಶಾಖ ಕೊಟ್ಟು ತಣಿದ ಹಬೆ ನೀರಾಗಿ, ಇನ್ನೊಂದು ಪೈಪಿನಲ್ಲಿ ಬಾಯ್ಲರಿಗೇ ಮರಳುತ್ತದೆ. ಈ ಮರಳುವ ಪೈಪನ್ನು ಮರೆಯಬೇಡಿ. ಮುಂದೆ ಅದರಿಂದ ಬಹಳ ಕೆಲಸವಿದೆ.

ಬಾಯ್ಲರ್ ಮನೆ: ಬೆಳಕಿನ ಕ್ರಿಯೆ

ಎಲೆಯ ಜೀವಕೋಶಗಳಲ್ಲಿ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳಿವೆ. ಒಂದೊಂದು ಕಣವೂ ಒಂದೊಂದು ಕಾರ್ಖಾನೆ. ಅದರೊಳಗೆ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ತೆಳುಪೊರೆಯ ಚೀಲಗಳಿರುತ್ತವೆ. ಇವುಗಳ ಹೆಸರು ಥೈಲಕಾಯ್ಡ್. ನಮ್ಮ ಬಾಯ್ಲರ್ ಮನೆ ಇದೇ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಕುಳಿತಿರುವುದು ಈ ಪೊರೆಯಲ್ಲಿ.

ಬೆಳಕು ಬಿದ್ದಾಗ ಪತ್ರಹರಿತ್ತಿನ ಒಂದು ಎಲೆಕ್ಟ್ರಾನ್ ಶಕ್ತಿ ಪಡೆದು ತನ್ನ ಜಾಗ ಬಿಟ್ಟು ಮುಂದಿನ ಅಣುವಿಗೆ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಎಲೆಕ್ಟ್ರಾನ್ ಬೇಕಲ್ಲ? ಅದನ್ನು ನೀರಿನಿಂದ ಕಿತ್ತು ತರಲಾಗುತ್ತದೆ. ಎರಡು ನೀರಿನ ಅಣುಗಳು ಒಡೆದಾಗ ನಾಲ್ಕು ಎಲೆಕ್ಟ್ರಾನ್, ನಾಲ್ಕು ಪ್ರೋಟಾನ್ ಮತ್ತು ಒಂದು ಆಮ್ಲಜನಕದ ಅಣು ಸಿಗುತ್ತವೆ. ನಾವು ಉಸಿರಾಡುವ ಆಮ್ಲಜನಕ ಹುಟ್ಟುವುದು ಇಲ್ಲಿ. ಅದು ಇಂಗಾಲದ ಡೈಆಕ್ಸೈಡ್‌ನಿಂದ ಬರುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಸ್ಯಾಮ್ ರೂಬೆನ್ ಮತ್ತು ಮಾರ್ಟಿನ್ ಕಾಮೆನ್ ತಮ್ಮ ಸಂಗಡಿಗರೊಂದಿಗೆ 1941ರಲ್ಲಿ, ಭಾರವಾದ ಆಮ್ಲಜನಕವಿರುವ ನೀರನ್ನು ಪಾಚಿಗೆ ಕೊಟ್ಟು ನೋಡಿದರು. ಹೊರಬಂದ ಅನಿಲದಲ್ಲಿ ಆ ಭಾರದ ಗುರುತು ಸಿಕ್ಕಿತು.

ಕಿತ್ತು ತಂದ ಎಲೆಕ್ಟ್ರಾನ್‌ಗಳು ಪೊರೆಯಲ್ಲಿ ಕೈಯಿಂದ ಕೈಗೆ ಸಾಗುತ್ತವೆ. ನಡುದಾರಿಯಲ್ಲಿ ಬೆಳಕು ಮತ್ತೊಮ್ಮೆ ಅವುಗಳಿಗೆ ಶಕ್ತಿ ತುಂಬುತ್ತದೆ. ಕೊನೆಗೆ ಎನ್‌ಎಡಿಪಿ ಎಂಬ ಅಣು ಅವುಗಳನ್ನು ಹೊತ್ತುಕೊಂಡು ಎನ್‌ಎಡಿಪಿಎಚ್ ಆಗುತ್ತದೆ. ಈ ಓಡಾಟದಲ್ಲಿ ಚೀಲದೊಳಗೆ ಪ್ರೋಟಾನ್‌ಗಳು ತುಂಬಿಕೊಂಡು ಒತ್ತಡ ಹುಟ್ಟುತ್ತದೆ. ಅವು ಹೊರಬರಲು ಇರುವ ದಾರಿಯಲ್ಲಿ ಒಂದು ಕಿಣ್ವವಿದೆ. ಪ್ರೋಟಾನ್‌ಗಳು ನುಗ್ಗಿದಾಗ ಅದರ ಒಂದು ಭಾಗ ನಿಜಕ್ಕೂ ಗಿರ್ರನೆ ತಿರುಗುತ್ತದೆ, ಹಬೆಗೆ ತಿರುಗುವ ಟರ್ಬೈನಿನ ಹಾಗೆ. ಆ ತಿರುಗಾಟದ ಬಲದಿಂದ ಎಡಿಪಿಗೆ ಒಂದು ಫಾಸ್ಫೇಟ್ ಸೇರಿ ಎಟಿಪಿ ತಯಾರಾಗುತ್ತದೆ.

ಬಾಯ್ಲರ್ ಮನೆಯ ಉತ್ಪನ್ನ ಇಷ್ಟೇ: ಶಕ್ತಿ ಹೊತ್ತ ಎಟಿಪಿ, ಎಲೆಕ್ಟ್ರಾನ್ ಹೊತ್ತ ಎನ್‌ಎಡಿಪಿಎಚ್. ಇವೆರಡೂ ನಮ್ಮ ‘ಹಬೆ’. ಆಮ್ಲಜನಕ ಹೊರಗೆ ಹೋಗುವ ವಸ್ತು. ಇಲ್ಲಿಯವರೆಗೆ ಒಂದು ಹರಳು ಸಕ್ಕರೆಯೂ ಆಗಿಲ್ಲ.

ಪಾಕದ ಮನೆ: ಕತ್ತಲೆ ಕ್ರಿಯೆ

ಥೈಲಕಾಯ್ಡ್ ಚೀಲಗಳ ಸುತ್ತ ತುಂಬಿರುವ ದ್ರವದ ಹೆಸರು ಸ್ಟ್ರೋಮಾ. ಪಾಕದ ಮನೆ ಇದೇ. ಇಲ್ಲಿಯ ಕಚ್ಚಾ ಮಾಲು, ಎಲೆಯ ಪತ್ರರಂಧ್ರಗಳಿಂದ ಒಳಬಂದ ಇಂಗಾಲದ ಡೈಆಕ್ಸೈಡ್. ಈ ವಿಭಾಗದ ಯಾವ ಹಂತದಲ್ಲೂ ಬೆಳಕು ನೇರವಾಗಿ ಖರ್ಚಾಗುವುದಿಲ್ಲ. ಕತ್ತಲೆ ಕ್ರಿಯೆ ಎಂಬ ಹೆಸರಿನ ಅರ್ಥ ಅಷ್ಟು ಮಾತ್ರ.

ಮೂರು ಇಂಗಾಲದ ಡೈಆಕ್ಸೈಡ್ ಅಣುಗಳ ಲೆಕ್ಕ ಹಿಡಿದು ನೋಡೋಣ. ಸ್ಟ್ರೋಮಾದಲ್ಲಿ ಐದು ಇಂಗಾಲದ ಪರಮಾಣುಗಳಿರುವ ಆರ್‌ಯುಬಿಪಿ ಎಂಬ ಸಂಯುಕ್ತ ಮೊದಲೇ ಇರುತ್ತದೆ. ರುಬಿಸ್ಕೊ ಎಂಬ ಕಿಣ್ವ ಇದರ ಮೂರು ಅಣುಗಳಿಗೆ ಆ ಮೂರು ಇಂಗಾಲದ ಡೈಆಕ್ಸೈಡ್‌ಗಳನ್ನು ಸೇರಿಸುತ್ತದೆ. ಸೇರಿದ್ದು ಕೂಡಲೇ ಎರಡಾಗಿ ಒಡೆದು, ಮೂರು ಇಂಗಾಲದ ಆರು ಅಣುಗಳು ಸಿಗುತ್ತವೆ. ಇವನ್ನು ಪಿಜಿಎ ಎನ್ನುತ್ತಾರೆ. ಇದು ಇನ್ನೂ ಆಮ್ಲ, ಸಕ್ಕರೆಯಲ್ಲ.

ಹಬೆ ಬೇಕಾಗುವುದು ಈಗ. ಆರು ಎಟಿಪಿ ಮತ್ತು ಆರು ಎನ್‌ಎಡಿಪಿಎಚ್ ಖರ್ಚಾಗಿ, ಆರು ಪಿಜಿಎಗಳು ಮೂರು ಇಂಗಾಲದ ಆರು ಸಣ್ಣ ಸಕ್ಕರೆಗಳಾಗುತ್ತವೆ. ಆರರಲ್ಲಿ ಲಾಭವಾಗಿ ಉಳಿಯುವುದು ಒಂದು ಮಾತ್ರ. ಉಳಿದ ಐದನ್ನು ಜೋಡಿಸಿ, ಮತ್ತೆ ಮೂರು ಎಟಿಪಿ ಕೊಟ್ಟು, ಮೊದಲಿದ್ದ ಮೂರು ಆರ್‌ಯುಬಿಪಿಗಳನ್ನೇ ಮರಳಿ ಕಟ್ಟಬೇಕು. ಐದು ಸಲ ಮೂರು ಹದಿನೈದು, ಮೂರು ಸಲ ಐದೂ ಹದಿನೈದು. ಇಂಗಾಲದ ಲೆಕ್ಕ ಸರಿಹೋಯಿತು. ಹೀಗೆ ಒಂದು ಸಣ್ಣ ಸಕ್ಕರೆಗೆ 9 ಎಟಿಪಿ, 6 ಎನ್‌ಎಡಿಪಿಎಚ್. ಆರು ಇಂಗಾಲದ ಒಂದು ಗ್ಲೂಕೋಸ್‌ನಷ್ಟು ಮಾಲಿಗೆ ಇದರ ಇಮ್ಮಡಿ: 18 ಎಟಿಪಿ, 12 ಎನ್‌ಎಡಿಪಿಎಚ್.

ಶಕ್ತಿ ಕೊಟ್ಟ ಎಟಿಪಿ ಎಡಿಪಿಯಾಗುತ್ತದೆ, ಎಲೆಕ್ಟ್ರಾನ್ ಕೊಟ್ಟ ಎನ್‌ಎಡಿಪಿಎಚ್ ಎನ್‌ಎಡಿಪಿಯಾಗುತ್ತದೆ. ತಣಿದ ಹಬೆ ನೀರಾಗಿ ಬಾಯ್ಲರಿಗೆ ಮರಳುವಂತೆ ಇವೂ ಥೈಲಕಾಯ್ಡಿಗೆ ಮರಳಿ ಮತ್ತೆ ತುಂಬಿಕೊಳ್ಳುತ್ತವೆ.

ದೀಪ ಆರಿಸಿದಾಗ ಏನಾಯಿತು?

ಪಾಕದ ಮನೆಯ ಈ ಹಂತಗಳನ್ನು ಬಿಡಿಸಿ ತೋರಿಸಿದವರು ಅಮೆರಿಕದ ಬರ್ಕ್ಲಿಯಲ್ಲಿದ್ದ ಮೆಲ್ವಿನ್ ಕ್ಯಾಲ್ವಿನ್, ಆಂಡ್ರ್ಯೂ ಬೆನ್ಸನ್ ಮತ್ತು ಜೇಮ್ಸ್ ಬಾಶಮ್. ಕ್ಯಾಲ್ವಿನ್‌ಗೆ ಇದಕ್ಕಾಗಿ 1961ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರು ಚಪ್ಪಟೆಯಾದ ಗಾಜಿನ ಪಾತ್ರೆಯಲ್ಲಿ ಪಾಚಿ ಬೆಳೆಸಿ, ವಿಕಿರಣ ಸೂಸುವ ಇಂಗಾಲ–14 ಇರುವ ಇಂಗಾಲದ ಡೈಆಕ್ಸೈಡ್ ಕೊಡುತ್ತಿದ್ದರು. ಬೇಕಾದ ಕ್ಷಣಕ್ಕೆ ಪಾಚಿಯನ್ನು ಬಿಸಿ ಆಲ್ಕೋಹಾಲಿಗೆ ಸುರಿದರೆ ಎಲ್ಲ ಕ್ರಿಯೆಗಳೂ ಅಲ್ಲಿಗೇ ನಿಲ್ಲುತ್ತಿದ್ದವು. ಆಮೇಲೆ ಆ ರಸದಲ್ಲಿರುವ ಸಂಯುಕ್ತಗಳನ್ನು ಕಾಗದದ ಮೇಲೆ ಬೇರ್ಪಡಿಸಿ ಎಕ್ಸ್‌ರೇ ಫಿಲ್ಮಿಗೆ ತಾಗಿಸಿದರೆ, ಇಂಗಾಲ–14 ಸೇರಿದ ಸಂಯುಕ್ತಗಳು ಮಾತ್ರ ಕಪ್ಪು ಚುಕ್ಕೆಗಳಾಗಿ ಮೂಡುತ್ತಿದ್ದವು.

1950ರ ದಶಕದಲ್ಲಿ ಅವರು ಇದೇ ಪಾಚಿಯ ಮೇಲೆ ಎರಡು ಸರಳ ಪರೀಕ್ಷೆ ಮಾಡಿದರು. ಮೊದಲನೆಯದರಲ್ಲಿ ಇಂಗಾಲದ ಡೈಆಕ್ಸೈಡ್ ಕೊಡುತ್ತಲೇ ದೀಪ ಆರಿಸಿದರು. ಪಿಜಿಎ ಒಮ್ಮೆಲೇ ಹೆಚ್ಚಿತು, ಆರ್‌ಯುಬಿಪಿ ಕುಸಿಯಿತು. ಕಾರಣ ಸ್ಪಷ್ಟ. ರುಬಿಸ್ಕೊ ಕೈಯಲ್ಲಿದ್ದ ಆರ್‌ಯುಬಿಪಿಯನ್ನೆಲ್ಲ ಪಿಜಿಎ ಮಾಡಿತು. ಆದರೆ ಹಬೆ ನಿಂತುಹೋದ್ದರಿಂದ ಪಿಜಿಎ ಮುಂದೆ ಸಾಗಲಿಲ್ಲ, ಆರ್‌ಯುಬಿಪಿ ಮರಳಿ ಕಟ್ಟಿಕೊಳ್ಳಲಿಲ್ಲ. ಎರಡನೆಯದರಲ್ಲಿ ದೀಪ ಉರಿಯುತ್ತಿರುವಾಗ ಇಂಗಾಲದ ಡೈಆಕ್ಸೈಡನ್ನು ತೀರಾ ಇಳಿಸಿದರು. ಈಗ ಉಲ್ಟಾ ಆಯಿತು. ಆರ್‌ಯುಬಿಪಿ ಹೆಚ್ಚಿತು, ಪಿಜಿಎ ಇಳಿಯಿತು. ಹಬೆ ಇದೆ, ಕಚ್ಚಾ ಮಾಲಿಲ್ಲ.

ಕತ್ತಲಾದ ಕೆಲವೇ ಕ್ಷಣಗಳಲ್ಲಿ ‘ಕತ್ತಲೆ ಕ್ರಿಯೆ’ ನಿಂತೇ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಎಟಿಪಿಯನ್ನು ಎಲೆ ಕೂಡಿಡಲಾರದು, ಆದಂತೆ ಖರ್ಚಾಗುತ್ತದೆ. ಇಷ್ಟು ಸಾಲದು ಎಂಬಂತೆ, ಪಾಕದ ಮನೆಯ ಹಲವು ಕಿಣ್ವಗಳಿಗೆ ಬೀಗವೂ ಇದೆ. ಬಾಯ್ಲರ್ ಮನೆಯಿಂದ ಎಲೆಕ್ಟ್ರಾನ್ ಬರುತ್ತಿದ್ದರೆ ಮಾತ್ರ ಆ ಬೀಗ ತೆರೆಯುತ್ತದೆ, ಕತ್ತಲಾದರೆ ಮುಚ್ಚಿಕೊಳ್ಳುತ್ತದೆ.

ಮರಳುವ ಪೈಪು ಕಟ್ಟಿಕೊಂಡರೆ

ಇದರ ಇನ್ನೊಂದು ಮಗ್ಗುಲನ್ನು ಶಾಲೆಯಲ್ಲೇ ನೋಡಬಹುದು. ಹೈಡ್ರಿಲ್ಲಾ ಗಿಡದ ಕೊಂಬೆಯನ್ನು ನೀರಿನ ಬೀಕರಿನಲ್ಲಿಟ್ಟು ಬಿಸಿಲಿಗೆ ಹಿಡಿದರೆ ಕತ್ತರಿಸಿದ ತುದಿಯಿಂದ ಗುಳ್ಳೆಗಳು ಏಳುತ್ತವೆ. ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಗುಳ್ಳೆ ಹೆಚ್ಚುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಇಟ್ಟರೆ, ಬಿಸಿಲು ಅಷ್ಟೇ ಇದ್ದರೂ ಗುಳ್ಳೆ ತೀರಾ ಕಡಿಮೆ. ಕುದಿಸಿದಾಗ ಕರಗಿದ್ದ ಗಾಳಿಯೆಲ್ಲ ಹೋಗಿರುವುದರಿಂದ, ಮೊದಮೊದಲು ಬಂದ ಆಮ್ಲಜನಕ ಆ ನೀರಿನಲ್ಲೇ ಕರಗಿಬಿಡುತ್ತದೆ ಎಂಬುದನ್ನೂ ಗಮನಿಸಬೇಕು. ಹಾಗಾಗಿ ಸ್ವಲ್ಪ ಹೊತ್ತು ಕಾದು, ಅದೇ ನೀರಿಗೆ ಸೋಡಾ ಬೆರೆಸಿ ಮತ್ತೆ ಎಣಿಸಿದರೆ ವ್ಯತ್ಯಾಸ ನಂಬಬಹುದಾದಂತೆ ಕಾಣುತ್ತದೆ.

ಇಲ್ಲಿ ಜಾಣ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಯಿದೆ. ಆಮ್ಲಜನಕ ಬರುವುದು ನೀರಿನಿಂದ, ಬೆಳಕಿನ ಕ್ರಿಯೆಯಲ್ಲಿ. ಬೆಳಕೂ ಇದೆ, ನೀರೂ ಇದೆ. ಇಂಗಾಲದ ಡೈಆಕ್ಸೈಡ್ ಇಲ್ಲದಿದ್ದರೆ ಆಮ್ಲಜನಕ ಯಾಕೆ ಕಡಿಮೆಯಾಗಬೇಕು? ಉತ್ತರ ಮರಳುವ ಪೈಪಿನಲ್ಲಿದೆ. ಕಚ್ಚಾ ಮಾಲಿಲ್ಲದೆ ಪಾಕದ ಮನೆ ನಿಂತಿದೆ. ಎಟಿಪಿ, ಎನ್‌ಎಡಿಪಿಎಚ್ ಖರ್ಚಾಗುತ್ತಿಲ್ಲ. ಖಾಲಿ ಎಡಿಪಿ, ಎನ್‌ಎಡಿಪಿ ಮರಳಿ ಬರುತ್ತಿಲ್ಲ. ಎಲೆಕ್ಟ್ರಾನ್ ಹೊರುವವರೇ ಇಲ್ಲದ ಮೇಲೆ ನೀರನ್ನು ಒಡೆಯುವ ಕೆಲಸವೂ ಕುಂಟುತ್ತದೆ.

ಈ ಉತ್ತರವನ್ನು ಪರೀಕ್ಷಿಸಲೂ ಬಹುದು. ಇಂಗ್ಲೆಂಡಿನ ರಾಬಿನ್ ಹಿಲ್ 1930ರ ದಶಕದ ಕೊನೆಯಲ್ಲಿ ಎಲೆಯಿಂದ ಕ್ಲೋರೋಪ್ಲಾಸ್ಟುಗಳನ್ನು ಬೇರ್ಪಡಿಸಿ, ಎಲೆಕ್ಟ್ರಾನ್ ಹಿಡಿದುಕೊಳ್ಳಬಲ್ಲ ಕಬ್ಬಿಣದ ಲವಣವನ್ನು ಕೊಟ್ಟರು. ಬೆಳಕು ಬಿದ್ದೊಡನೆ ಆಮ್ಲಜನಕ ಬಂತು, ಇಂಗಾಲದ ಡೈಆಕ್ಸೈಡ್ ಬಳಕೆಯಾಗದೆಯೇ. ಹೊರುವವರು ಸಿಕ್ಕರೆ ಸಾಕು, ಬಾಯ್ಲರ್ ಮನೆ ಓಡುತ್ತದೆ.

ಹೋಲಿಕೆ ನಿಲ್ಲುವ ಜಾಗ

ಕಾರ್ಖಾನೆಯ ಹೋಲಿಕೆ ಒಂದು ಕಡೆ ಸೋಲುತ್ತದೆ. ಅದನ್ನೂ ಮಕ್ಕಳಿಗೆ ಹೇಳಬೇಕು. ಸಕ್ಕರೆ ಕಾರ್ಖಾನೆ ಸಕ್ಕರೆಯನ್ನು ಹೊಸದಾಗಿ ಮಾಡುವುದಿಲ್ಲ. ಕಬ್ಬಿನ ಎಲೆ ಮಾಡಿಟ್ಟ ಸಕ್ಕರೆಯನ್ನು ರಸದಿಂದ ಬೇರ್ಪಡಿಸುತ್ತದೆ, ಅಷ್ಟೆ. ಇಂಗಾಲ ಇಂಗಾಲಕ್ಕೆ ಬೆಸೆದು ಸಕ್ಕರೆ ಕಟ್ಟುವುದು ಎಲೆ ಮಾತ್ರ.

ಮತ್ತೆ ಕೆಲವರು ಕೇಳಬಹುದು: ಕತ್ತಾಳೆ, ಅನಾನಸು, ಪಾಪಾಸುಕಳ್ಳಿ ರಾತ್ರಿ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತವಲ್ಲ? ಹೌದು. ಹಗಲು ಪತ್ರರಂಧ್ರ ತೆರೆದರೆ ನೀರು ನಷ್ಟವಾಗುವುದರಿಂದ ಅವು ರಾತ್ರಿಯೇ ಅನಿಲವನ್ನು ಒಳಗೆಳೆದು ಆಮ್ಲದ ರೂಪದಲ್ಲಿ ದಾಸ್ತಾನು ಮಾಡುತ್ತವೆ. ರಾತ್ರಿ ನಡೆಯುವುದು ಕಚ್ಚಾ ಮಾಲಿನ ಶೇಖರಣೆ. ಸಕ್ಕರೆ ಕಟ್ಟುವ ಕೆಲಸ ಅವುಗಳಲ್ಲೂ ಬೆಳಗಾದ ಮೇಲೆಯೇ.

ಪಾಠ ಮುಗಿಸಿದ ಶಿಕ್ಷಕರು ಮಕ್ಕಳಿಗೆ ಕತ್ತಲೆ ಕ್ರಿಯೆಯ ವ್ಯಾಖ್ಯೆ ಕೇಳುವ ಬದಲು ಎರಡು ಚೌಕ ಬರೆಯಿಸಲಿ. ನಡುವೆ ಎರಡು ಬಾಣ, ಹೋಗುವುದು ಒಂದು, ಮರಳುವುದು ಒಂದು. ಬಳಿಕ ಕೇಳಲಿ: ಬಿಸಿಲಿನಲ್ಲಿರುವ ಎಲೆಗೆ ಇಂಗಾಲದ ಡೈಆಕ್ಸೈಡ್ ಸಿಗದಂತೆ ಮಾಡಿದರೆ ಯಾವ ಚೌಕ ನಿಲ್ಲುತ್ತದೆ? ‘ಕತ್ತಲೆ ಕ್ರಿಯೆ ಮೊದಲು ನಿಲ್ಲುತ್ತದೆ, ಖಾಲಿ ಅಣುಗಳು ಮರಳದೆ ಬೆಳಕಿನ ಕ್ರಿಯೆಯೂ ಕುಂಟುತ್ತದೆ’ ಎಂದು ಕಾರಣ ಸಹಿತ ಹೇಳಿದ ವಿದ್ಯಾರ್ಥಿಗೆ ಪಾಠ ಅರ್ಥವಾಗಿದೆ. ಮುಂದೆ ಆ ಹುಡುಗಿ ಎಷ್ಟು ಹೊಸ ಹೆಸರುಗಳನ್ನು ಕಲಿತರೂ ಅವೆಲ್ಲ ಈ ಎರಡು ಚೌಕಗಳೊಳಗೆ ತಮ್ಮ ಜಾಗ ಕಂಡುಕೊಳ್ಳುತ್ತವೆ.